ಎರಡು ಫ್ಲ್ಯಾಟ್‌ಗಳಲ್ಲಿ ಯಾವುದು? ಬಾಡಿಗೆ, ಬೆಲೆಯೇರಿಕೆಯ ಲೆಕ್ಕ ಹಾಕುವುದು ಹೀಗೆ

ಸಲಹೆ ಕೇಳಲು ಬರುವವರು ಸಾಮಾನ್ಯವಾಗಿ ಒಂದು ಫ್ಲ್ಯಾಟಿಗೆ ಬಾಡಿಗೆ ಮಾತ್ರ ನೋಡಿರುತ್ತಾರೆ, ಇನ್ನೊಂದಕ್ಕೆ ‘ಮುಂದೆ ರೇಟ್ ಏರುತ್ತೆ’ ಅನ್ನುವ ಮಾತು ನಂಬಿರುತ್ತಾರೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕುವುದೇ ಇಲ್ಲ. ಗ್ರಾಹಕರೊಬ್ಬರಿಗೆ ಇಮೇಲ್‌ನಲ್ಲಿ ಬರೆದ ಲೆಕ್ಕ ಇಲ್ಲಿದೆ. ಒಂದು, ವೈಟ್‌ಫೀಲ್ಡ್‌ನಲ್ಲಿ ಸಿದ್ಧವಾಗಿರುವ 80 ಲಕ್ಷದ ಫ್ಲ್ಯಾಟ್. ಇನ್ನೊಂದು ದೇವನಹಳ್ಳಿ ಕಡೆ ಕಟ್ಟುತ್ತಿರುವ 65 ಲಕ್ಷದ್ದು, ಕೈಗೆ ಸಿಗುವುದು 3 ವರ್ಷಕ್ಕೆ.

1. ಪೂರ್ತಿ ಖರ್ಚು ಬರೆದುಕೊಳ್ಳಿ. ಸ್ಟ್ಯಾಂಪ್ ಡ್ಯೂಟಿ, ನೋಂದಣಿ, ವಾರ್ಡ್‌ರೋಬ್ ಎಲ್ಲ ಸೇರಿ ಮೊದಲನೆಯದು 90 ಲಕ್ಷ. ಎರಡನೆಯದಕ್ಕೆ ಶೇ 5 ಜಿಎಸ್‌ಟಿಯೂ ಬೀಳುತ್ತದೆ, ಒಟ್ಟು 77 ಲಕ್ಷ.

2. ಕೈಗುಳಿಯುವ ಬಾಡಿಗೆ ಕಂಡುಹಿಡಿಯಿರಿ. ಎಡವುವುದು ಇಲ್ಲೇ. ವೈಟ್‌ಫೀಲ್ಡ್‌ನಲ್ಲಿ ತಿಂಗಳಿಗೆ 30,000 ಅಂದರೆ ವರ್ಷಕ್ಕೆ 3.6 ಲಕ್ಷ, 80 ಲಕ್ಷಕ್ಕೆ ಶೇ 4.5 ಎಂದು ಬ್ರೋಕರ್ ಖುಷಿಯಾಗಿ ಹೇಳುತ್ತಾನೆ. ಆದರೆ ಬಾಡಿಗೆದಾರ ಬದಲಾಗುವಾಗ ಮನೆ ಖಾಲಿ ಇರುತ್ತದಲ್ವಾ? ಹಾಗಾಗಿ 11 ತಿಂಗಳನ್ನೇ ಹಿಡಿಯಿರಿ: 3.3 ಲಕ್ಷ. ಮೇಂಟೆನೆನ್ಸ್, ಆಸ್ತಿ ತೆರಿಗೆ, ಪೇಂಟಿಂಗ್, ಬ್ರೋಕರ್ ಕಮಿಷನ್‌ಗೆ 90,000 ಹೋಗುತ್ತದೆ. ಉಳಿಯುವುದು 2.4 ಲಕ್ಷ. ಅದನ್ನು 90 ಲಕ್ಷಕ್ಕೆ ಭಾಗಿಸಿದರೆ ಶೇ 2.7 ಮಾತ್ರ. ದೇವನಹಳ್ಳಿಯಲ್ಲಿ 3 ವರ್ಷ ಸೊನ್ನೆ, ಆಮೇಲೆ ಇದೇ ರೀತಿ ಕಳೆದರೆ ವರ್ಷಕ್ಕೆ 1.4 ಲಕ್ಷ.

ಬಾಡಿಗೆಯನ್ನು ಜಾಹೀರಾತು ನೋಡಿ ಬರೆಯಬೇಡಿ, ಅದು ಕೇಳುವ ಬೆಲೆ. ಸೆಕ್ಯುರಿಟಿಯವರನ್ನೋ ಈಗಿನ ಬಾಡಿಗೆದಾರರನ್ನೋ ಕೇಳಿ. ರಾತ್ರಿ ಎಂಟರ ಹೊತ್ತಿಗೆ ಕಾಂಪೌಂಡ್ ಹೊರಗೆ ನಿಂತು ಎಷ್ಟು ಕಿಟಕಿಗಳಲ್ಲಿ ಲೈಟ್ ಇದೆ ಅಂತ ಎಣಿಸಿ. ಅರ್ಧಕ್ಕರ್ಧ ಕತ್ತಲಿದ್ದರೆ 11 ತಿಂಗಳೂ ಜಾಸ್ತಿಯೇ. ಬಿಲ್ಡರ್ ಕೊಡುವ ‘ಖಚಿತ ಬಾಡಿಗೆ’ ಸ್ಕೀಮಿಗೆ ಮಾತ್ರ ಹೋಗಲೇಬೇಡಿ. ಆ ದುಡ್ಡನ್ನು ಸಾಮಾನ್ಯವಾಗಿ ಫ್ಲ್ಯಾಟ್ ಬೆಲೆಯಲ್ಲೇ ಸೇರಿಸಿರುತ್ತಾರೆ.

3. ಬೆಲೆಯೇರಿಕೆಯನ್ನು ಊಹಿಸಬೇಡಿ, ತಿರುಗಿಸಿ ಕೇಳಿ. 7 ವರ್ಷ ಇಟ್ಟುಕೊಳ್ಳುತ್ತೀರಿ, ವೈಟ್‌ಫೀಲ್ಡ್ ವರ್ಷಕ್ಕೆ ಶೇ 5 ಏರುತ್ತದೆ ಅಂದುಕೊಳ್ಳಿ. 80 ಲಕ್ಷ ಸುಮಾರು 112.5 ಆಗುತ್ತದೆ. ಬಾಡಿಗೆ 17 ಲಕ್ಷದ ಹತ್ತಿರ. ಹಾಕಿದ 90 ಕಳೆದರೆ ಲಾಭ 39 ಲಕ್ಷ ಚಿಲ್ಲರೆ. ಹಾಕಿದ ದುಡ್ಡಿಗೆ ಅದೇ ಪ್ರಮಾಣದ ಲಾಭ ಬರಬೇಕಾದರೆ, ಕೊನೆಯ 4 ವರ್ಷದ ಬಾಡಿಗೆ ಸೇರಿಸಿಕೊಂಡರೂ ದೇವನಹಳ್ಳಿಯದು 105 ಲಕ್ಷಕ್ಕೆ ಮಾರಾಟವಾಗಬೇಕು. ಅಂದರೆ ಪ್ರತಿ ವರ್ಷ ಶೇ 7ರಷ್ಟು ಏರಬೇಕು. ಕಂತಿನಲ್ಲಿ ಕಟ್ಟುವುದರಿಂದ ಸ್ವಲ್ಪ ಕಡಿಮೆಯಾದರೂ ನಡೆದೀತು. ವಾರ್ಡ್‌ರೋಬ್‌ಗೆ ಹಾಕಿದ ದುಡ್ಡು ಮಾತ್ರ ಏರುವುದಿಲ್ಲ, ಅದಕ್ಕೇ ಮೂಲ ಬೆಲೆಯ ಮೇಲೆ ಲೆಕ್ಕ.

4. ಆ ಶೇ 7 ಸಿಗುತ್ತದಾ ನೋಡಿ. ಬಿಲ್ಡರ್‌ನ ಹೊಸ ರೇಟ್ ಕಾರ್ಡ್ ಪಕ್ಕಕ್ಕಿಡಿ. ಅದೇ ರಸ್ತೆಯಲ್ಲಿ ಐದಾರು ವರ್ಷದ ಹಳೆಯ ಕಟ್ಟಡದ ಫ್ಲ್ಯಾಟ್ ಮರುಮಾರಾಟದಲ್ಲಿ ಎಷ್ಟಕ್ಕೆ ಹೋಯಿತು, ಮೊದಲು ಎಷ್ಟಕ್ಕೆ ಕೊಂಡಿದ್ದರು ಅಂತ ವಿಚಾರಿಸಿ. ಏರ್‌ಪೋರ್ಟ್ ಮೆಟ್ರೊ ಬರುತ್ತೆ ಅನ್ನುವುದು ಬಿಲ್ಡರ್‌ಗೂ ಗೊತ್ತು, ಇವತ್ತಿನ ರೇಟಿನಲ್ಲೇ ಅದಕ್ಕೂ ಬೆಲೆ ಕಟ್ಟಿದ್ದಾನೆ. ಮರುಮಾರಾಟದಲ್ಲಿ ಶೇ 7 ಕಾಣದಿದ್ದರೆ ವೈಟ್‌ಫೀಲ್ಡ್‌ನದಕ್ಕೇ ಅಡ್ವಾನ್ಸ್ ಕೊಡಿ ಎಂದು ಬರೆದು ಇಮೇಲ್ ಮುಗಿಸಿದೆ.