ಬೈಲುಗದ್ದೆಯ ಮಲ್ಲಿಗೆ ಹಳದಿಯಾಗಿದ್ದು ಗೊಬ್ಬರದ ಕೊರತೆಯಿಂದಲ್ಲ

ಶಂಕರಪುರದ ಕಡೆ ಬೈಲಿನಲ್ಲಿ ನೆಟ್ಟ ಮಲ್ಲಿಗೆ ಜುಲೈ ಮಳೆಗೆ ಹಳದಿಯಾಯಿತು. ಬುಡ ಅಗೆದಾಗ ಬೇರು ಕಂದು, ಮಣ್ಣು ನೀಲಿಬೂದು, ಕೊಳೆತ ಮೊಟ್ಟೆಯ ವಾಸನೆ. ಅಂದರೆ ಬೇರಿಗೆ ಗಾಳಿ ಸಿಕ್ಕಿರಲಿಲ್ಲ.

ಮಣ್ಣಿನಲ್ಲಿ ಏನೆಷ್ಟಿದೆ ಎಂದು ನೋಡಲು ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ನೀರು ತುಂಬಿ, ಚೆನ್ನಾಗಿ ಕುಲುಕಿಸಿ ಇಟ್ಟೆ. ಮರಳು ಒಂದು ನಿಮಿಷದಲ್ಲಿ ಕೂತಿತು, ಮರಳಿಗಿಂತ ನುಣುಪಾದ ಗೋಡು ಎರಡು ಗಂಟೆಯಲ್ಲಿ, ಜೇಡಿಗೆ ಎರಡು ದಿನ ಬೇಕಾಯಿತು. ತಳದಲ್ಲಿ ಕೂತ 10 ಸೆಂ.ಮೀ. ಮಣ್ಣಿನಲ್ಲಿ 5 ಸೆಂ.ಮೀ. ಜೇಡಿಯೇ. ಮಲ್ಪೆಯ ಮರಳಿನಲ್ಲಿ ಕಣಗಳ ಸಂದು ದೊಡ್ಡದು, ನೀರು ಇಳಿದು ಗಾಳಿ ತುಂಬುತ್ತದೆ. ಜೇಡಿಯ ಸಂದು ಕಿರಿದು, ನೀರನ್ನು ಬಿಡುವುದೇ ಇಲ್ಲ. ಮೂರೂ ಹದವಾಗಿ ಬೆರೆತ ಮಣ್ಣಿನಲ್ಲಿ ನೀರು, ಗಾಳಿ ಎರಡಕ್ಕೂ ಜಾಗವಿದೆ.

ಎರಡು ಬುಟ್ಟಿ ಮರಳು ಸುರಿದರೆ ಸರಿಯಾಗುತ್ತದೆ ಅನ್ನುವವರಿದ್ದಾರೆ, ದಯವಿಟ್ಟು ಬೇಡ. ಜೇಡಿ ಮರಳಿನ ಸಂದಿಗೂ ತುಂಬಿ ಇನ್ನಷ್ಟು ಗಟ್ಟಿಯಾಗುತ್ತದೆ. ಕಣವನ್ನು ಬದಲಿಸಲಾಗದು, ಕಣಗಳ ಜೋಡಣೆಯನ್ನು ಬದಲಿಸಬಹುದು.

ಮಳೆ ನಿಂತು, ಮಣ್ಣಿನುಂಡೆ ಒತ್ತಿದರೆ ಪುಡಿಯಾಗುವ ಹದದಲ್ಲಿ ಒಂದೂವರೆ ಅಡಿ ಎತ್ತರದ ದಿಬ್ಬ ಏರಿಸಿದೆ, ಪಕ್ಕದಲ್ಲಿ ನೀರು ಹರಿದುಹೋಗಲು ಕಣಿ. ಬುಡಕ್ಕೆ ಎರಡು ಬುಟ್ಟಿ ಕಳಿತ ಹಟ್ಟಿಗೊಬ್ಬರ, ಸುಡುಮಣ್ಣು, ಮೇಲೆ ತರಗೆಲೆ. ಹಸಿಯಲ್ಲಿ ತುಳಿದರೆ ಮಾತ್ರ ಎಲ್ಲ ವ್ಯರ್ಥ. ಮರುಮಳೆಗೆ ದಿಬ್ಬದ ಮಣ್ಣು ಅವಲಕ್ಕಿಯಂತೆ ಉದುರುತ್ತಿತ್ತು, ಬೇರು ಬೆಳ್ಳಗಿತ್ತು.