ನಮ್ಮ ಮಾತು ಮಾತ್ರ ತುಂಡಾಗುತ್ತಿತ್ತು

ಜಯನಗರದಲ್ಲಿ ನಮ್ಮದು ಎಂಟು ಸೀಟಿನ ಟೆಲಿಕಾಲಿಂಗ್ ಆಫೀಸ್, ಕರೆಗಳೆಲ್ಲ ಇಂಟರ್ನೆಟ್ ಮೇಲೆಯೇ ಹೋಗುವುದು. ಗ್ರಾಹಕರ ಮಾತು ನಮಗೆ ಚೆನ್ನಾಗಿ ಕೇಳಿಸುತ್ತಿತ್ತು. ನಮ್ಮ ಮಾತು ಅವರಿಗೆ ತುಂಡು ತುಂಡಾಗಿ ಹೋಗುತ್ತಿತ್ತು. ಹೆಡ್‌ಸೆಟ್‌ಗೆ ಒಂಬತ್ತು ಸಾವಿರ, ಹೊಸ ರೂಟರ್‌ಗೆ ನಾಲ್ಕೂವರೆ ಸಾವಿರ ಸುಮ್ನೆ ಹೋಯಿತು. "ಸಾರ್, ಸ್ಪೀಡ್ ಟೆಸ್ಟ್‌ನಲ್ಲಿ ನೂರು ಬರ್ತಿದೆ, ಲೈನ್ ಸರಿ ಇದೆ" ಅಂತ ಇಂಟರ್ನೆಟ್‌ನ ಹುಡುಗ ಎರಡು ಸಲ ಬಂದು ಹೇಳಿ ಹೋದ.

ನಾನೂ ಮೊದಲು ಪಿಂಗ್ ಹಾಕಿ ಮೋಸ ಹೋದೆ. ಒಂದು ಗಂಟೆಯಲ್ಲಿ ಒಂದೂ ಪ್ಯಾಕೆಟ್ ಕಳೆದಿರಲಿಲ್ಲ. ಆದರೆ ಪಿಂಗ್ ಹೋಗುವುದು ಸೆಕೆಂಡಿಗೆ ಒಂದು, ಮಾತಿನ ಪ್ಯಾಕೆಟ್ ಹೋಗುವುದು ಐವತ್ತು. ನಡುವೆ ಅರ್ಧ ಸೆಕೆಂಡ್ ಕೆಟ್ಟರೆ ಪಿಂಗ್‌ಗೆ ಗೊತ್ತೇ ಆಗುವುದಿಲ್ಲ.

ಹಾಗಾಗಿ ಕರೆಯನ್ನೇ ನಕಲು ಮಾಡಿದೆ. ತಿಂಗಳಿಗೆ ಐನೂರರ ಒಂದು ಸರ್ವರ್ ಬಾಡಿಗೆಗೆ ತೆಗೆದುಕೊಂಡು ಅಲ್ಲಿ ಲೈನ್ ಅಳೆಯುವ iperf3 ಓಡಿಸಿದೆ. ಜಿ.711 ಎಂಬ ಧ್ವನಿ ಕೋಡೆಕ್‌ನ ಲೆಕ್ಕ: ಪ್ರತಿ ಪ್ಯಾಕೆಟ್‌ಗೆ 160 ಬೈಟ್ ಧ್ವನಿ, 12 ಬೈಟ್ ಆರ್‌ಟಿಪಿ ಹೆಡರ್.

```
iperf3 -c SERVER -u -b 69k -l 172 -t 300
```

ಕೊನೆಗೆ `-R` ಸೇರಿಸಿದರೆ ಉಲ್ಟಾ ದಿಕ್ಕು. ಆ ಕಡೆಯಿಂದ ಬರುವಾಗ ಜಿಟರ್, ಅಂದರೆ ಪ್ಯಾಕೆಟ್ ತಲುಪುವ ಸಮಯದ ಏರುಪೇರು, ಎರಡು ಮಿಲಿಸೆಕೆಂಡ್; ನಷ್ಟ ಸೊನ್ನೆ. ನಮ್ಮಿಂದ ಹೋಗುವಾಗ 15,000 ಪ್ಯಾಕೆಟ್‌ನಲ್ಲಿ ಸುಮಾರು 150 ಕಾಣೆ. ಅಂದರೆ ಒಂದೇ ಪರ್ಸೆಂಟ್! "ಇಷ್ಟಕ್ಕೆಲ್ಲ ಮಾತು ಕೆಡುತ್ತಾ?" ಅಂತ ಪಾರ್ಟ್ನರ್ ನಕ್ಕರು.

ಉತ್ತರ ಸರ್ವರ್ ಪರದೆಯಲ್ಲಿತ್ತು. ಕಳಿಸುವಾಗ ಪ್ರತಿ ಸೆಕೆಂಡಿನ ಜಿಟರ್ ಕಾಣುವುದು ಅಲ್ಲೇ. ಬಹಳ ಹೊತ್ತು ಮೂರು ನಾಲ್ಕು ಮಿಲಿಸೆಕೆಂಡ್, ಆಮೇಲೆ ಇದ್ದಕ್ಕಿದ್ದಂತೆ 40, 60. ತಡವಾಗಿ ಬಂದ ಪ್ಯಾಕೆಟ್ಟನ್ನು iperf3 ಬಂತು ಎಂದೇ ಎಣಿಸುತ್ತದೆ. ಫೋನ್ ಅಷ್ಟು ಹೊತ್ತು ಕಾಯುವುದಿಲ್ಲ, ತನ್ನ ಬಫರ್ ಮೀರಿ ತಡವಾದದ್ದನ್ನು ಬಿಸಾಡುತ್ತದೆ. ಕಿವಿಗೆ ಆಗುವ ನಷ್ಟ ಪರದೆಯ ನಷ್ಟಕ್ಕಿಂತ ಜಾಸ್ತಿ, ಅಲ್ವಾ?

ಒಂದೊಂದೇ ಕೇಬಲ್ ಕಿತ್ತು ನೋಡಿದೆ. ಸಿಸಿಟಿವಿ ರೆಕಾರ್ಡರ್ ತೆಗೆದ ಕೂಡಲೇ ಎಲ್ಲ ತಣ್ಣಗಾಯಿತು. ಅದು ಆಗಾಗ ವಿಡಿಯೋವನ್ನು ಕ್ಲೌಡ್‌ಗೆ ತಳ್ಳುತ್ತಿತ್ತು. ನಮ್ಮ ಅಪ್‌ಲೋಡ್ 20 ಎಂಬಿಪಿಎಸ್. ಅದು ಭರ್ತಿಯಾದಾಗ ಮಾತಿನ ಪ್ಯಾಕೆಟ್‌ಗಳು ವಿಡಿಯೋದ ಹಿಂದೆ ಕ್ಯೂ ನಿಲ್ಲುತ್ತಿದ್ದವು.

ನಡುವೆ ಒಂದು ಚಪಲ: `-S 0xb8` ಹಾಕಿ ಪ್ಯಾಕೆಟ್‌ಗಳಿಗೆ ತುರ್ತು ಗುರುತು ಕೊಟ್ಟೆ. ನನ್ನ ಲೈನ್‌ನಲ್ಲಿ ಅದಕ್ಕೆ ಯಾರೂ ಬೆಲೆ ಕೊಡಲಿಲ್ಲ.

ಕೊನೆಗೆ ಹಳೇ ರೂಟರ್‌ಗೆ ಓಪನ್‌ವರ್ಟ್ ಎಂಬ ಫರ್ಮ್‌ವೇರ್ ಹಾಕಿ, ಅದರಲ್ಲಿ ಕ್ಯೂ ನಿಭಾಯಿಸುವ ಎಸ್‌ಕ್ಯೂಎಂನಲ್ಲಿ ಅಪ್‌ಲೋಡ್ ಅನ್ನು 17 ಎಂಬಿಪಿಎಸ್‌ಗೆ ಕಟ್ಟಿದೆ. ಕ್ಯೂ ನಮ್ಮ ರೂಟರ್‌ನಲ್ಲೇ ನಿಲ್ಲಬೇಕು, ಅದಕ್ಕೇ ಲೈನ್‌ಗಿಂತ ಕಡಿಮೆ. ರೆಕಾರ್ಡರ್ ಓಡುತ್ತಿರುವಾಗಲೂ ಈಗ ಜಿಟರ್ ನಾಲ್ಕು ದಾಟುವುದಿಲ್ಲ. 17 ಎಂಬ ಅಂಕಿ ಹೇಗೆ ಹಿಡಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ಹೊಸ ರೂಟರ್ ಈಗ ಡಬ್ಬದಲ್ಲಿದೆ, ಯಾರಿಗಾದರೂ ಬೇಕಾದರೆ ಮೂರು ಸಾವಿರಕ್ಕೆ ಕೊಡುತ್ತೇನೆ.