ಒಂದೇ ನಂಬರ್ ಇದ್ದರೂ ಒಂದೇ ಪ್ರೆಸ್ಸಿಂಗ್ ಅಲ್ಲ

ಕುಂಬಳೆ, ಬದಿಯಡ್ಕ ಕಡೆ ಹಳೆ ಮನೆಗಳ ಅಟ್ಟದಿಂದ ಎಚ್‌ಎಂವಿ ಶಾಸ್ತ್ರೀಯ ಸಂಗೀತದ ಎಲ್‌ಪಿ ಸಿಕ್ಕಿದವರು ಕವರಿನ ನಂಬರ್ ಮಾತ್ರ ನೋಡಿ ಅದು ಯಾವ ಪ್ರೆಸ್ಸಿಂಗ್, ಅಂದರೆ ಯಾವ ಸಲ ಒತ್ತಿದ ಪ್ರತಿ, ಎಂದು ತೀರ್ಮಾನಿಸಬೇಡಿ. ಕವರು ಅದಲುಬದಲಾಗಿರುವುದು ತುಂಬ ಸಾಮಾನ್ಯ.

ಕವರಿನಲ್ಲಿ 'ಇಎಎಲ್‌ಪಿ' ಎಂದಿದ್ದು, ಒಳಗಿನ ಲೇಬಲ್ಲಿನಲ್ಲಿ 'ಇಎಎಸ್‌ಡಿ' ಎಂದಿದೆ ಅಂತಿಟ್ಟುಕೊಳ್ಳಿ. ಮೊದಲನೆಯದು ಮೋನೋ ಸರಣಿ, ಎರಡನೆಯದು ಸ್ಟೀರಿಯೋ. ಹಾಗಾದರೆ ಆ ಕವರು ಬೇರೆ ರೆಕಾರ್ಡಿನದು; ಲೇಬಲ್ಲನ್ನೇ ನಂಬಿ.

ಎರಡೂ ಹೊಂದಿದರೂ ಕೆಲಸ ಮುಗಿಯುವುದಿಲ್ಲ. ಬೇಡಿಕೆ ಇದ್ದ ರೆಕಾರ್ಡನ್ನು ವರ್ಷಗಳ ನಂತರವೂ ಅದೇ ನಂಬರಿನಲ್ಲಿ ಮತ್ತೆ ಒತ್ತುತ್ತಿದ್ದರು. ಆಗ ಲೇಬಲ್ಲಿನ ಬಣ್ಣ, ನಾಯಿಯ ಚಿತ್ರದ ಜಾಗ, ಅಂಚಿನ ಸಣ್ಣಕ್ಷರದಲ್ಲಿರುವ ಕಂಪನಿಯ ಹೆಸರು ಇವನ್ನು ಇನ್ನೊಂದು ಪ್ರತಿಯ ಫೋಟೋ ಜೊತೆ ಹೋಲಿಸಿ.

ಕೊನೆಗೆ ಹಾಡು ಮುಗಿದು ಲೇಬಲ್ ಶುರುವಾಗುವ ನಡುವಿನ ನುಣುಪು ಜಾಗಕ್ಕೆ ಟಾರ್ಚನ್ನು ಓರೆಯಾಗಿ ಹಿಡಿಯಿರಿ. ಅಲ್ಲಿ ಒತ್ತಿದ ಮ್ಯಾಟ್ರಿಕ್ಸ್ ನಂಬರ್ ಕಾಣುತ್ತದೆ. ಅದರ ಕೊನೆಯ ಅಂಕಿ ಇನ್ನೊಂದು ಪ್ರತಿಯದಕ್ಕಿಂತ ಬೇರೆಯಾಗಿದ್ದರೆ ಸಾಮಾನ್ಯವಾಗಿ ಹೊಸದಾಗಿ ಕೊರೆದ ಮಾಸ್ಟರಿನಿಂದ ಬಂದದ್ದು. ಎರಡು ಬದಿಯದನ್ನೂ ಬರೆದುಕೊಳ್ಳಿ. ಒಂದು ಬದಿ ಮಾತ್ರ ಬದಲಾಗಿರುವುದೂ ಉಂಟು.

ಗುಂಪಿಗೆ ಫೋಟೋ ಹಾಕುವಾಗ ಕವರಿನ ಬೆನ್ನು, ಎರಡೂ ಲೇಬಲ್ಲು, ಆ ನುಣುಪು ಜಾಗ ಎಲ್ಲವೂ ಇರಲಿ.